‘ಎಸ್’ ಇಲ್ಲದ ಬಹುವಚನಗಳು

ಆಂಗ್ಲಭಾಷೆಯ ಉತ್ತರಪತ್ರಿಕೆಗಳನ್ನು ತಿದ್ದುವ ಅಧ್ಯಾಪಕರಿಗೆ ಒಂದು ತಪ್ಪು ಮರಳಿ ಮರಳಿ ಎದುರಾಗುತ್ತದೆ. ವಿದ್ಯಾರ್ಥಿಯು ‘ದಿ ಕ್ರೈಟೀರಿಯಾ ಈಸ್’ ಎಂದು ಬರೆದಿರುತ್ತಾನೆ. ನಾವು ‘ಈಸ್’ ಎಂಬುದನ್ನು ಕೆಂಪು ಮಸಿಯಿಂದ ಹೊಡೆದು, ‘ಆರ್’ ಎಂದು ತಿದ್ದಿ ಮುಂದೆ ಸಾಗುತ್ತೇವೆ, ಕಾರಣವನ್ನು ಹೇಳುವುದಿಲ್ಲ. ಮುಂದಿನ ಪರೀಕ್ಷೆಯಲ್ಲಿಯೂ ಅದೇ ತಪ್ಪು, ಅದೇ ಅಂಕನಷ್ಟ.

ಪದಾಂತ್ಯದಲ್ಲಿ ‘ಎಸ್’ ಬಂದರೆ ಬಹುವಚನವೆಂದು ಬಾಲಕನು ಆರಂಭದ ತರಗತಿಗಳಲ್ಲಿಯೇ ಕಲಿತಿರುತ್ತಾನೆ. ಆದರೆ ಕ್ರೈಟೀರಿಯಾ, ಫಿನಾಮಿನಾ ಎಂಬಿವು ಗ್ರೀಕ್ ಮೂಲದ ನಪುಂಸಕಲಿಂಗದ ಪದಗಳು. ‘ಆನ್’ ಎಂದು ಮುಗಿಯುವ ಏಕವಚನವು ಅಲ್ಲಿ ಬಹುವಚನದಲ್ಲಿ ‘ಆ’ ಎಂದು ಮುಗಿಯುತ್ತದೆ. ಮಾನದಂಡ ಒಂದಾದರೆ ಕ್ರೈಟೀರಿಯನ್, ಹಲವಾದರೆ ಕ್ರೈಟೀರಿಯಾ. ವಿದ್ಯಮಾನ ಒಂದಾದರೆ ಫಿನಾಮಿನನ್, ಹಲವಾದರೆ ಫಿನಾಮಿನಾ. ಪ್ರಾಚೀನ ಅಥೆನ್ಸಿನ ಗ್ರೀಕ್ ಭಾಷೆಯಲ್ಲಿ ಇಂತಹ ನಪುಂಸಕ ಬಹುವಚನಕ್ಕೆ ಸಾಮಾನ್ಯವಾಗಿ ಏಕವಚನದ ಕ್ರಿಯಾಪದವೇ ಬರುತ್ತಿತ್ತೆಂಬುದು ಕುತೂಹಲದ ಸಂಗತಿ. ಇಂಗ್ಲಿಷ್ ಪದರೂಪವನ್ನು ಸ್ವೀಕರಿಸಿತೇ ಹೊರತು ಆ ನಿಯಮವನ್ನಲ್ಲ.

ನಮ್ಮ ಆಡುನುಡಿಯೂ ವಿದ್ಯಾರ್ಥಿಯನ್ನು ಇದೇ ತಪ್ಪಿನತ್ತ ಎಳೆಯುತ್ತದೆ. ‘ಹತ್ತು ಮರ ಇದೆ’ ಎನ್ನುವುದು ನಮಗೆ ಅಸಹಜವೆನಿಸುವುದಿಲ್ಲ. ಆದರೆ ‘ಪೀಪಲ್’ ಪದಕ್ಕೆ ಕನ್ನಡವೇ ನೆರವಾಗುತ್ತದೆ. ‘ಜನ ಬಂದರು’ ಎನ್ನುವಾಗ ‘ಗಳು’ ಪ್ರತ್ಯಯವಿಲ್ಲದಿದ್ದರೂ ಕ್ರಿಯಾಪದ ಬಹುವಚನದಲ್ಲಿದೆ. ‘ಪೀಪಲ್ ಆರ್’ ಎಂಬುದೂ ಹಾಗೆಯೇ. ‘ಪೀಪಲ್ಸ್’ ಎಂಬ ರೂಪವೂ ಉಂಟು. ಅದು ಹಲವು ಜನಾಂಗಗಳನ್ನು ಹೇಳುವಾಗ ಮಾತ್ರ.

ಪರೀಕ್ಷೆಯ ಒಂದು ವಾಕ್ಯವನ್ನು ನೋಡೋಣ: ‘ದಿ ಕ್ರೈಟೀರಿಯಾ ಫಾರ್ ದಿ ಅವಾರ್ಡ್ ಆಫ್ ಎ ಸ್ಕಾಲರ್‌ಷಿಪ್ ... ಬೀನ್ ಚೇಂಜ್ಡ್.’ ಬಿಟ್ಟ ಸ್ಥಳದಲ್ಲಿ ‘ಹ್ಯಾಸ್’ ಬರಬೇಕೋ ‘ಹ್ಯಾವ್’ ಬರಬೇಕೋ? ಬಿಟ್ಟ ಸ್ಥಳದ ಪಕ್ಕದಲ್ಲಿರುವ ‘ಸ್ಕಾಲರ್‌ಷಿಪ್’ ಏಕವಚನವಾದ್ದರಿಂದ ವಿದ್ಯಾರ್ಥಿಯು ‘ಹ್ಯಾಸ್’ ಎಂದು ಬರೆಯುತ್ತಾನೆ. ‘ಫಾರ್’ ಎಂಬಲ್ಲಿಂದ ‘ಸ್ಕಾಲರ್‌ಷಿಪ್’ವರೆಗಿನ ಭಾಗವನ್ನು ಬೆರಳಿನಿಂದ ಮುಚ್ಚಲಿ. ಉಳಿಯುವ ಕರ್ತೃಪದ ‘ಕ್ರೈಟೀರಿಯಾ’. ಅದರ ಏಕವಚನ ಬೇರೆ ಇರುವುದರಿಂದ ಇದು ಬಹುವಚನ, ಉತ್ತರ ‘ಹ್ಯಾವ್’.

ಇದೇ ವಾಕ್ಯವನ್ನು ‘ಒನ್ ಆಫ್ ದಿ ಕ್ರೈಟೀರಿಯಾ’ ಎಂದು ಆರಂಭಿಸಿದರೆ ಕರ್ತೃಪದ ‘ಒನ್’ ಆಗುತ್ತದೆ; ಆಗ ‘ಹ್ಯಾಸ್’ ಎಂಬುದೇ ಸರಿ. ‘ಕ್ರೈಟೀರಿಯಾ ಬಂದೊಡನೆ ಬಹುವಚನ’ ಎಂದು ಕಂಠಪಾಠ ಮಾಡಿದವನು ಇಲ್ಲಿ ಎಡವುತ್ತಾನೆ.

ಎಲ್ಲ ಪರಕೀಯ ಬಹುವಚನಗಳಿಗೂ ಇದೇ ವಿಧಿಯೆಂದು ತಿಳಿಯಬಾರದು. ಲ್ಯಾಟಿನ್ನಿನ ಬಹುವಚನವಾದ ‘ಅಜೆಂಡಾ’ ಇಂಗ್ಲಿಷಿನಲ್ಲಿ ಏಕವಚನವಾಗಿ ನೆಲೆಗೊಂಡಿದೆ. ‘ಡೇಟಾ’ ಎರಡೂ ಬಗೆಯಲ್ಲಿ ಬಳಕೆಯಲ್ಲಿದೆ. ‘ಕ್ರೈಟೀರಿಯಾ’ವನ್ನು ಏಕವಚನವಾಗಿ ಬಳಸುವವರಿದ್ದರೂ ಶಿಷ್ಟ ಬರವಣಿಗೆ ಅದನ್ನು ಒಪ್ಪುವುದಿಲ್ಲ. ಆದುದರಿಂದ ಕಪ್ಪುಹಲಗೆಯ ಮೇಲೆ ಬಿಡಿಪದವನ್ನು ಬರೆಯದೆ, ‘ದಿಸ್ ಕ್ರೈಟೀರಿಯನ್ ಈಸ್, ದೀಸ್ ಕ್ರೈಟೀರಿಯಾ ಆರ್’ ಎಂದು ಜೋಡಿಯಾಗಿ, ಕ್ರಿಯಾಪದಸಹಿತವಾಗಿಯೇ ಬರೆಯುವುದು ಲೇಸು.