ಹೂಟಗಳ್ಳಿಯ ಮನೆ ಬಾಡಿಗೆಗೆ ಕೊಡುವ ಮುನ್ನ ಒಂದು ಪತ್ರ

ವಿದೇಶಕ್ಕೆ ಬಂದ ಹೊಸದರಲ್ಲಿ ಬಾಡಿಗೆ ಮನೆಗಾಗಿ ಸಂಬಳದ ಚೀಟಿ, ಪಾಸ್‌ಪೋರ್ಟ್ ಪ್ರತಿ, ಹಳೆಯ ಮನೆ ಮಾಲೀಕರ ನಂಬರು ಎಲ್ಲವನ್ನೂ ಗುರುತೇ ಇಲ್ಲದ ಏಜೆಂಟರಿಗೆ ಕಳಿಸಿದ್ದು ನಿಮಗೆ ನೆನಪಿರುತ್ತದೆ. ಅವು ಯಾರ ಕೈ ಸೇರುತ್ತವೋ ಎಂಬ ಅಳುಕೂ ಇದ್ದೇ ಇತ್ತು. ಊರಲ್ಲಿ ಬೀಗ ಹಾಕಿ ಬಂದ ಮನೆಯನ್ನು ಬಾಡಿಗೆಗೆ ಕೊಡುವಾಗ ಅದೇ ಅಳುಕು ಎದುರಿನವರಿಗೂ ಇರುತ್ತದೆ. ಕಾಗದ ಕೇಳುವುದು ತಪ್ಪಲ್ಲ. ಏತಕ್ಕೆ ಕೇಳುತ್ತಿದ್ದೇವೆ ಎಂದು ಹೇಳದಿರುವುದು ತಪ್ಪು.

ನಮ್ಮ ಹೂಟಗಳ್ಳಿಯ ಎರಡು ಕೋಣೆಯ ಮನೆಗೆ ಬಾಡಿಗೆ 14,000 ರೂಪಾಯಿ. ಕೀಲಿಕೈ ನಮ್ಮ ಭಾವನವರ ಹತ್ತಿರ ಇದೆ. ಮೊದಲ ಸಲ ಬ್ರೋಕರ್ ಮೂಲಕ ಕಾಗದ ಕೇಳಿದಾಗ ಐದು ಕುಟುಂಬಗಳ ಆಧಾರ್ ಪ್ರತಿಗಳು ನಮ್ಮ ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೇ ಬಂದು ಬಿದ್ದವು. ಮನೆ ಸಿಕ್ಕಿದ್ದು ಒಬ್ಬರಿಗೆ, ಉಳಿದ ನಾಲ್ವರ ಗುರುತಿನ ಚೀಟಿಗಳು ಹನ್ನೆರಡು ಫೋನುಗಳಲ್ಲಿ ಉಳಿದವು. ಅದು ನಮ್ಮದೇ ತಪ್ಪು. ಅಂದಿನಿಂದ ಮನೆ ನೋಡಿ ಒಪ್ಪಿದವರಿಗೆ ಮಾತ್ರ ಈ ಪತ್ರ ಕಳಿಸುತ್ತೇವೆ:

“ನಮಸ್ಕಾರ. ನಮ್ಮ ಮನೆ ನಿಮಗೆ ಹಿಡಿಸಿದ್ದು ಸಂತೋಷ. ಬಾಡಿಗೆ ಕಟ್ಟಲು ತೊಂದರೆಯಾಗದೆಂದು ತಿಳಿಯಲು ಕಳೆದ ಮೂರು ತಿಂಗಳ ಸಂಬಳದ ಚೀಟಿ, ಸಂಬಳ ಜಮೆಯಾದ ಬ್ಯಾಂಕ್ ಪುಟ ಕಳಿಸಿ. ಉಳಿದ ಖರ್ಚಿನ ಸಾಲುಗಳನ್ನು ಮುಚ್ಚಬಹುದು. ಕರಾರಿನಲ್ಲಿ ಹೆಸರು ಸರಿಯಾಗಿ ಬರೆಯಲು ಮಾಸ್ಕ್ಡ್ ಆಧಾರ್ ಅಥವಾ ವೋಟರ್ ಐಡಿ ಸಾಕು. ಹಿಂದಿನ ಮನೆ ಮಾಲೀಕರ, ಕೆಲಸದ ಕಡೆಯ ಒಬ್ಬರ ನಂಬರನ್ನು ಅವರನ್ನು ಕೇಳಿಯೇ ಕೊಡಿ. ಇವನ್ನು ನಾನು, ನನ್ನ ಭಾವ ಇಬ್ಬರೇ ನೋಡುತ್ತೇವೆ. ಪೊಲೀಸ್ ಠಾಣೆಗೆ ವಿವರ ಕೊಡಬೇಕಾದರೆ ನಿಮಗೆ ತಿಳಿಸಿಯೇ ಕೊಡುತ್ತೇವೆ. ಮನೆ ನಿಮಗಾಗದಿದ್ದರೆ 30 ದಿನದೊಳಗೆ ಎಲ್ಲವನ್ನೂ ಅಳಿಸಿ ತಿಳಿಸುತ್ತೇವೆ.”

ಮಾಸ್ಕ್ಡ್ ಆಧಾರ್‌ನಲ್ಲಿ ಹನ್ನೆರಡು ಅಂಕಿಗಳ ಪೈಕಿ ಕೊನೆಯ ನಾಲ್ಕು ಮಾತ್ರ ಕಾಣುತ್ತವೆ. ಯುಐಡಿಎಐ ಜಾಲತಾಣದಿಂದ ಬಾಡಿಗೆಗೆ ಬರುವವರೇ ಅದನ್ನು ಇಳಿಸಿಕೊಳ್ಳಬಹುದು. ಜೆರಾಕ್ಸ್ ಪ್ರತಿ ನೋಡಿ ಅಸಲಿಯೋ ನಕಲಿಯೋ ಹೇಳಲಾಗದು. ಆದ್ದರಿಂದ ಕೀಲಿಕೈ ಕೊಡುವ ದಿನ ಭಾವನವರು ಅವರೆದುರೇ ಯುಐಡಿಎಐ ಆ್ಯಪ್‌ನಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಹೆಸರು ಮತ್ತು ಫೋಟೊ ತಾಳೆ ನೋಡುತ್ತಾರೆ.

ಆದಾಯದ ಕಾಗದ ಓದುವುದರಲ್ಲೇ ಹೆಚ್ಚು ಜನ ಎಡವುವುದು. ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ಫಿಟ್ಟರ್ ಒಬ್ಬರು ಕೇಳಿ ಬಂದಿದ್ದರು. ಚೀಟಿಯಲ್ಲಿ 42,000 ಇತ್ತು, ಬ್ಯಾಂಕಿಗೆ ಬಿದ್ದದ್ದು 36,400. ಸುಳ್ಳು ಚೀಟಿ ಎಂದು ಭಾವನವರಿಗೆ ಗುಮಾನಿ ಬಂತು. ಕಡಿತದ ಅಂಕಣ ನೋಡಿದರೆ ಎಲ್ಲವೂ ಸರಿಯಿತ್ತು: ಮೂಲ ವೇತನ 20,000ಕ್ಕೆ ಶೇ. 12ರಂತೆ ಪಿಎಫ್ 2,400, ವೃತ್ತಿ ತೆರಿಗೆ 200, ಸೊಸೈಟಿ ಸಾಲದ ಕಂತು 3,000. ಕೂಡಿದರೆ 5,600, ಅಷ್ಟೇ ವ್ಯತ್ಯಾಸ. ಆದರೆ ಬಾಡಿಗೆ ಕಟ್ಟುವುದು ಕೈಗೆ ಬಂದ ಹಣದಿಂದ. ಬಾಡಿಗೆ ಮೂರನೇ ಒಂದು ಭಾಗ ಮೀರಬಾರದು ಎಂಬುದು ನಾನು ಇಟ್ಟುಕೊಂಡ ಲೆಕ್ಕ. 36,400ರಲ್ಲಿ ಅದು 12,000 ಚಿಲ್ಲರೆ. ಅಲ್ಲಿಗೇ ಬೇಡ ಎಂದುಬಿಟ್ಟಿದ್ದರೆ ಒಳ್ಳೆಯ ಸಂಸಾರವೊಂದನ್ನು ಕಳೆದುಕೊಳ್ಳುತ್ತಿದ್ದೆವು. ಅವರ ಮನೆಯಾಕೆ ಬ್ಲೌಸ್ ಹೊಲಿದು ತಿಂಗಳಿಗೆ 8,000 ದುಡಿಯುತ್ತಿದ್ದರು. ಅದಕ್ಕೆ ಚೀಟಿ ಇಲ್ಲ, ಫೋನ್‌ಪೇ ಜಮೆಯ ಪಟ್ಟಿ ಇತ್ತು. ಸೇರಿಸಿದರೆ 44,400, ಬಾಡಿಗೆ ಲೆಕ್ಕದೊಳಗೆ ಬಂತು. ಸಂಬಳದ ಚೀಟಿ ಇಲ್ಲದ ದುಡಿಮೆಯೂ ದುಡಿಮೆಯೇ, ಅದನ್ನು ಕೇಳಿ ತಿಳಿಯಬೇಕು.

ಹಳೆಯ ಮಾಲೀಕರಿಗೆ ಫೋನ್ ಮಾಡಿದಾಗ ಮೂರೇ ಮಾತು ಕೇಳಿ. ಎಷ್ಟು ವರ್ಷ ಇದ್ದರು, ಬಾಡಿಗೆ ಹೊತ್ತಿಗೆ ಬರುತ್ತಿತ್ತೇ, ಬಿಡುವಾಗ ಅಡ್ವಾನ್ಸ್‌ನಲ್ಲಿ ಏನಾದರೂ ಮುರಿದುಕೊಂಡಿರೇ. ಈಗಿರುವ ಮನೆಯ ಮಾಲೀಕರು ಅವರನ್ನು ಸಾಗಹಾಕುವ ಆತುರದಲ್ಲಿ ಹೊಗಳಬಹುದು, ಅದಕ್ಕೂ ಹಿಂದಿನ ಮನೆಯವರ ಮಾತಿಗೆ ತೂಕ ಹೆಚ್ಚು. ಜಾತಿ, ಊಟದ ವಿಚಾರ ಕೇಳಬೇಡಿ. ಬಾಡಿಗೆಗೂ ಅದಕ್ಕೂ ಸಂಬಂಧವಿಲ್ಲ.

ನೀವೂ ಒಂದು ವಿಷಯ ಬಾಡಿಗೆಗೆ ಬರುವವರಿಗೆ ಮೊದಲೇ ಹೇಳಬೇಕು. ಮಾಲೀಕರು ಎನ್‌ಆರ್‌ಐ ಆದರೆ ಬಾಡಿಗೆದಾರರು ಬಾಡಿಗೆಯಲ್ಲಿ ತೆರಿಗೆ ಮುರಿದು ಸರ್ಕಾರಕ್ಕೆ ಕಟ್ಟಬೇಕು, ಸಾಮಾನ್ಯವಾಗಿ ಸೆಸ್ ಸೇರಿ ಶೇ. 31.2. ಬಾಡಿಗೆ ಎಷ್ಟೇ ಚಿಕ್ಕದಿರಲಿ ಇದು ತಪ್ಪದು. ನಿಮ್ಮ ಪ್ಯಾನ್ ನಂಬರು ಕೊಟ್ಟು, ನಿಮ್ಮ ಆಡಿಟರ್ ನಂಬರನ್ನೂ ಕೊಡಿ. ಫಿಟ್ಟರ್ ಕೆಲಸದವರು ಇದನ್ನೆಲ್ಲ ತಾವೇ ಮಾಡಿಕೊಳ್ಳಲಿ ಎಂದು ಬಿಡುವುದು ನ್ಯಾಯವಲ್ಲ.

ಪತ್ರ ಕಳಿಸಿದ ದಿನವೇ, ಅಳಿಸಬೇಕಾದ ತಾರೀಖನ್ನು ನಿಮ್ಮ ಕ್ಯಾಲೆಂಡರ್‌ನಲ್ಲಿ ಬರೆದಿಡಿ. ಬ್ರೋಕರ್ ಫೋನಿನಲ್ಲಿ ಪ್ರತಿ ಉಳಿದಿದ್ದರೆ ಅದನ್ನೂ ಅಳಿಸಲು ಅಂದೇ ಹೇಳಿ.