ಹಾಲಿನ ಬಿಸಿ, ವಿದ್ಯುತ್ತಿನ ಲೆಕ್ಕ

ಅರಸೀಕೆರೆಯ ಸೀಮೆಯ ಹಳ್ಳಿಯೊಂದರ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಕಾರ್ಯದರ್ಶಿಯಾಗಿ, ಸುತ್ತಲಿನ ನಾಲ್ಕಾರು ಸಂಘಗಳ ಹಾಲನ್ನೂ ತಣಿಸಿ ಟ್ಯಾಂಕರಿಗೆ ತುಂಬಿಸುವ ಶೀತಲೀಕರಣ ಘಟಕವನ್ನು ಬಹುಕಾಲ ನೋಡಿಕೊಂಡ ನನ್ನಲ್ಲಿಗೆ, ಹೊಸದಾಗಿ ಅಂಥ ಘಟಕವನ್ನು ಸ್ಥಾಪಿಸಲು ಹೊರಟವರು ಬಂದು ಮೊದಲು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಜನರೇಟರ್ ಎಷ್ಟು ದೊಡ್ಡದು ತರೋಣ ಸ್ವಾಮಿ?” ಪ್ರಶ್ನೆ ಸಹಜವಾದುದೇ. ಆದರೆ ಕರೆಂಟು ದಿನದ ಯಾವ ಹೊತ್ತಿನಲ್ಲಿ ಹೋಗುತ್ತದೆ, ಆ ಹೊತ್ತಿಗೆ ತೊಟ್ಟಿಯ ಹಾಲು ಬಿಸಿಯಾಗಿರುತ್ತದೆಯೋ ತಣ್ಣಗಿರುತ್ತದೆಯೋ ಎಂಬುದನ್ನು ತಿಳಿಯದೆ ಅದಕ್ಕೆ ಉತ್ತರ ಹೇಳುವುದು ಸಾಧ್ಯವಿಲ್ಲವೆಂದು ಹೇಳಿದರೆ, ನಾನೇನೋ ಜಾರಿಕೊಳ್ಳುತ್ತಿದ್ದೇನೆಂದು ಅವರು ಭಾವಿಸುತ್ತಾರೆ.

ಕೆಚ್ಚಲಿನಿಂದ ಇಳಿದ ಹಾಲು ಡೈರಿಗೆ ಬರುವ ವೇಳೆಗೆ ಸುಮಾರು 34 ಡಿಗ್ರಿ ಉಷ್ಣದಲ್ಲಿರುತ್ತದೆ. ಅದನ್ನು 4 ಡಿಗ್ರಿಗೆ ಇಳಿಸಬೇಕು. ಸಾವಿರ ಲೀಟರು ಹಾಲಿನಿಂದ ಹಾಗೆ ಹೊರತೆಗೆಯಬೇಕಾದ ಉಷ್ಣವನ್ನು ವಿದ್ಯುತ್ತಿನ ಯೂನಿಟ್ಟುಗಳಲ್ಲಿ ಅಳೆದರೆ ಹೆಚ್ಚುಕಡಮೆ 34 ಯೂನಿಟ್ ಆಗುತ್ತದೆ. ಸುಸ್ಥಿತಿಯಲ್ಲಿರುವ ಕಂಪ್ರೆಸರು ತಾನು ಸೇವಿಸುವ ಒಂದು ಯೂನಿಟ್ಟಿಗೆ ಎರಡೂವರೆಯಿಂದ ಮೂರು ಯೂನಿಟ್‌ನಷ್ಟು ಉಷ್ಣವನ್ನು ಹೊರಗೆ ಹಾಕಬಲ್ಲುದಾದುದರಿಂದ, ಮೀಟರಿನಲ್ಲಿ ಕಾಣಬೇಕಾದುದು 11ರಿಂದ 14 ಯೂನಿಟ್. ಹಾಲು ಕಲಕುವ ಮೋಟಾರು, ಫ್ಯಾನುಗಳನ್ನು ಸೇರಿಸಿದರೆ ಸುಮಾರು 15. ಅಂದರೆ ನೂರು ಲೀಟರಿಗೆ ಒಂದೂವರೆ ಯೂನಿಟ್. ಈ ಒಂದು ಸಂಖ್ಯೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಪ್ರತಿದಿನ ಟ್ಯಾಂಕರು ಹೊರಟೊಡನೆ ಮೀಟರನ್ನು ಓದಿ, ಆ ದಿನದ ಹಾಲಿನ ಪ್ರಮಾಣದಿಂದ ಭಾಗಿಸಿ ಬರೆದಿಡುವ ಪದ್ಧತಿಯನ್ನು ನಾವು ಆರಂಭಿಸಿದ ಮೇಲೆ, ತಿಂಗಳ ಕೊನೆಗೆ ಬಿಲ್ಲನ್ನು ನೋಡಿ ಬೆರಗಾಗುವ ಪ್ರಸಂಗ ತಪ್ಪಿತು. ಒಂದು ಬೇಸಿಗೆಯಲ್ಲಿ ಈ ಸಂಖ್ಯೆ ಮೆಲ್ಲಮೆಲ್ಲನೆ ಎರಡನ್ನು ದಾಟಿದಾಗ ಹುಡುಕುತ್ತ ಹೋದರೆ, ಕಂಡೆನ್ಸರಿನ ರೆಕ್ಕೆಗಳ ನಡುವೆ ಪಶುಆಹಾರದ ಧೂಳು ಒತ್ತಾಗಿ ಕಟ್ಟಿಕೊಂಡಿತ್ತು. ಅದೂ ಸಾಲದೆಂಬಂತೆ ಹಿಂಡಿಮೂಟೆಗಳನ್ನು ಯಂತ್ರಕ್ಕೆ ಆತುಕೊಂಡಂತೆ ಪೇರಿಸಿದ್ದುದರಿಂದ, ಅದು ಉಗುಳಿದ ಬಿಸಿಗಾಳಿಯನ್ನು ಮತ್ತೆ ತಾನೇ ಸೇದುತ್ತಿತ್ತು. ಮೂಟೆಗಳನ್ನು ಬೇರೆ ಕೋಣೆಗೆ ಸಾಗಿಸಿ, ರೆಕ್ಕೆಗಳನ್ನು ಮೆತ್ತನೆಯ ಬ್ರಷ್ಷಿನಿಂದ ಶುದ್ಧಗೊಳಿಸಿದ್ದಷ್ಟೇ ನಾವು ಮಾಡಿದ ದುರಸ್ತಿ.

ಇನ್ನು ಕರೆಂಟು ಹೋಗುವ ವಿಷಯ. ಹೋದ ವೇಳೆ, ಬಂದ ವೇಳೆ, ಆಗ ತೊಟ್ಟಿಯಲ್ಲಿದ್ದ ಹಾಲಿನ ಉಷ್ಣ, ಈ ಮೂರನ್ನು ಮಾತ್ರ ಬರೆಯುವ ಪುಸ್ತಕವೊಂದನ್ನು ಇಟ್ಟೆವು. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಆಗುವ ವ್ಯತ್ಯಯಗಳೇ ಬಹಳವೆಂಬುದು ಅದರಿಂದ ತಿಳಿಯಿತು. ಅವು ನಮ್ಮನ್ನು ಹೆಚ್ಚಾಗಿ ಹೆದರಿಸುತ್ತಿದ್ದವೂ ಹೌದು. ಆದರೆ ಸಂಜೆಯ ಹಾಲು ಅಷ್ಟರೊಳಗೆ 4 ಡಿಗ್ರಿಗೆ ಇಳಿದಿರುತ್ತಿತ್ತು. ತೊಟ್ಟಿಯ ಗೋಡೆಗಳ ನಡುವೆ ಶಾಖನಿರೋಧಕವಿರುವುದರಿಂದ, ಮುಚ್ಚಳವನ್ನು ತೆರೆಯದೆ ಬಿಟ್ಟರೆ ತಣಿದ ಹಾಲು ಬಹುಹೊತ್ತು ತಣ್ಣಗೇ ಇರುತ್ತದೆ. ಬೇಸಿಗೆಯ ರಾತ್ರಿಯೊಂದರಲ್ಲಿ ಬೇಕೆಂದೇ ಮೇನ್ ಸ್ವಿಚ್ಚನ್ನು ಆರಿಸಿ ಕಾದು ನೋಡಿದಾಗ, ಮೂರು ಗಂಟೆಗಳಲ್ಲಿ ಉಷ್ಣವು ಒಂದು ಡಿಗ್ರಿಯಷ್ಟೂ ಏರಲಿಲ್ಲ. ತೊಟ್ಟಿಯಲ್ಲಿ ಹಾಲು ಕಡಮೆಯಿದ್ದರೆ ಬೇಗ ಏರುವುದೆಂಬುದನ್ನು ಮಾತ್ರ ಮರೆಯಬಾರದು. ನಿಜವಾದ ಅಪಾಯವಿರುವುದು ಬೆಳಗ್ಗೆ ಆರರಿಂದ ಒಂಬತ್ತು, ಸಂಜೆ ಐದೂವರೆಯಿಂದ ಎಂಟೂವರೆ, ಅಂದರೆ ಬಿಸಿಹಾಲು ಸುರಿಯುತ್ತಿರುವ ಮತ್ತು ಸುರಿದು ಮುಗಿದ ಒಡನೆಯ ಗಂಟೆಗಳಲ್ಲಿ. ಏಕೆಂದರೆ ಆ ಉಷ್ಣದಲ್ಲಿ ಸೂಕ್ಷ್ಮಾಣುಗಳು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುತ್ತ ಹೋಗುತ್ತವೆ, ಅನಂತರ ಎಷ್ಟು ತಣಿಸಿದರೂ ಹುಟ್ಟಿದವು ಸಾಯುವುದಿಲ್ಲ. ಬೆಳಗಿನ ಬಿಸಿಹಾಲು ರಾತ್ರಿಯ ತಣ್ಣನೆಯ ಹಾಲಿನ ಮೇಲೆ ಬೀಳುವಾಗ ಕರೆಂಟಿಲ್ಲದಿದ್ದರೆ ಎರಡು ಹೊತ್ತಿನ ಹಾಲೂ ಒಟ್ಟಿಗೆ ಕೆಡುವ ಸಂಭವವುಂಟು. ಮಿಶ್ರಣದ ಉಷ್ಣ 10 ಡಿಗ್ರಿಯನ್ನು ಮೀರತೊಡಗಿತೆಂದರೆ ಸುರಿಯುವುದನ್ನು ನಿಲ್ಲಿಸಿ, ಉಳಿದುದನ್ನು ಕ್ಯಾನುಗಳಲ್ಲೇ ನೀರಿನ ತೊಟ್ಟಿಗಿಳಿಸುವುದು ಲೇಸು.

ಅದೇ ಪುಸ್ತಕ ಇನ್ನೊಂದನ್ನೂ ತೋರಿಸಿತು. ನಮ್ಮ ಘಟಕಕ್ಕೆ ತ್ರೀಫೇಸ್ ತಪ್ಪುತ್ತಿದ್ದ ಹೊತ್ತಿಗೂ ಪಂಪ್‌ಸೆಟ್ಟುಗಳಿಗೆ ತಪ್ಪುತ್ತಿದ್ದ ಹೊತ್ತಿಗೂ ಪೂರ್ಣ ಹೊಂದಾಣಿಕೆಯಿತ್ತು. ಊರಂಚಿನ ಕಟ್ಟಡಕ್ಕೆ ಸಂಪರ್ಕವನ್ನು ಹೊಲಗಳ ಫೀಡರಿನಿಂದಲೇ ಎಳೆದಿದ್ದರು. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಬಳಕೆಗೆಂದು ಪ್ರತ್ಯೇಕಗೊಂಡ ಫೀಡರಿಗೆ ಸಂಪರ್ಕವನ್ನು ಬದಲಿಸಿಕೊಂಡ ಮೇಲೆ, ಡೀಸೆಲ್ಲಿಗಾಗಿ ವ್ಯಯವಾಗುತ್ತಿದ್ದ ಹಣದ ಬಹುಭಾಗ ಉಳಿಯಿತು. ಯಂತ್ರಕ್ಕೆ ಹಣ ಕಟ್ಟುವ ಮುನ್ನ ಲೈನ್‌ಮನ್ನನನ್ನು ಕರೆದು, ಕಂಬದಿಂದ ಕಂಬಕ್ಕೆ ನಡೆದು, ತಂತಿ ಯಾವ ಫೀಡರಿನದೆಂದು ಕಣ್ಣಾರೆ ನೋಡಿಕೊಳ್ಳಬೇಕೆಂದು ನಾನು ಹೇಳುವುದು ಇದಕ್ಕಾಗಿಯೇ.

ಜನರೇಟರಿನ ಗಾತ್ರವನ್ನು ನಿರ್ಣಯಿಸುವುದು ಕಂಪ್ರೆಸರು ಓಡುವಾಗಿನ ಭಾರವಲ್ಲ, ಎದ್ದು ನಿಲ್ಲುವಾಗಿನ ಭಾರ. ಐದು ಅಶ್ವಶಕ್ತಿಯ ಮೋಟಾರು ಓಡುವಾಗ ಏಳೆಂಟು ಆಂಪಿಯರ್ ಎಳೆದರೆ, ಹೊರಡುವ ಕ್ಷಣದಲ್ಲಿ ಅದರ ಐದಾರು ಪಟ್ಟನ್ನು ಎಳೆಯುತ್ತದೆ. ನಮ್ಮ ಎರಡು ಕಂಪ್ರೆಸರುಗಳು ಏಕಕಾಲಕ್ಕೆ ಹೊರಟಾಗ 15 ಕೆ.ವಿ.ಎ. ಜನರೇಟರು ಉಸಿರು ಕಟ್ಟಿ ನಿಂತುಬಿಡುತ್ತಿತ್ತು. “ಇಪ್ಪತ್ತೈದರದು ತನ್ನಿ” ಎಂದು ವ್ಯಾಪಾರಿಗಳು ಹೇಳಿದರು. ನಮ್ಮೂರಿನ ಮಿಸ್ತ್ರಿಯಾದರೋ, “ದೊಡ್ಡದ್ಯಾಕೆ ಸ್ವಾಮಿ, ಒಂದು ಟೈಮರ್ ಹಾಕ್ಸಿ, ಒಂದಾದ ಮೇಲೊಂದು ಏಳ್ಲಿ” ಎಂದ. ಅವನ ಮಾತೇ ಸರಿಯಾಯಿತು. ದೊಡ್ಡ ಜನರೇಟರಿಗೆ ಸದಾ ಅಲ್ಪಭಾರವನ್ನು ಕೊಟ್ಟರೆ ಎಂಜಿನ್ನಿನಲ್ಲಿ ಮಸಿ ಕಟ್ಟುತ್ತದೆ, ಯೂನಿಟ್ಟಿಗೆ ತಗಲುವ ಡೀಸೆಲ್ಲೂ ಏರುತ್ತದೆ. ಒಳ್ಳೆಯ ಭಾರವಿದ್ದಾಗ ಒಂದು ಲೀಟರು ಡೀಸೆಲ್ಲಿನಿಂದ ಮೂರು ಯೂನಿಟ್ ಬಂದರೆ, ಭಾರ ತೀರ ಕಡಮೆಯಿದ್ದಾಗ ಎರಡೂ ಬಾರದು.

ಲೆಕ್ಕವನ್ನು ಒಂದು ಬೆಳಗಿಗೆ ಅನ್ವಯಿಸಿ ನೋಡೋಣ. 700 ಲೀಟರು ಹಾಲಿಗೆ ಸುಮಾರು 10 ಯೂನಿಟ್ ಬೇಕು. ಲೈನಿನ ಕರೆಂಟು ಯೂನಿಟ್ಟಿಗೆ 8 ರೂಪಾಯಿಯೆಂದು ಹಿಡಿದರೆ 80 ರೂಪಾಯಿ, ಅಂದರೆ ಲೀಟರು ಹಾಲಿಗೆ 11 ಪೈಸೆ. ಡೀಸೆಲ್ಲಿನ ಲೀಟರಿಗೆ 90 ರೂಪಾಯಿಯಾದರೆ ಜನರೇಟರಿನಿಂದ 300 ರೂಪಾಯಿ, ಲೀಟರು ಹಾಲಿಗೆ 43 ಪೈಸೆ. ಹಾಲು ತಿರಸ್ಕೃತವಾಗುವುದರೊಂದಿಗೆ ಹೋಲಿಸಿದರೆ ಇದು ಅತ್ಯಲ್ಪ. ಆದರೆ ಅದೇ ಜನರೇಟರನ್ನು ರಾತ್ರಿಯಿಡೀ ತಣಿದ ಹಾಲಿಗಾಗಿ, ದೀಪಕ್ಕಾಗಿ, ತೂಕದ ಯಂತ್ರಕ್ಕಾಗಿ ಓಡಿಸುವುದು ಶುದ್ಧ ಅಪವ್ಯಯ. ತೂಕ, ಫ್ಯಾಟ್ ಪರೀಕ್ಷೆ, ಕಂಪ್ಯೂಟರು, ದೀಪ ಇವಿಷ್ಟಕ್ಕೂ ಸಾಧಾರಣ ಇನ್ವರ್ಟರು ಸಾಕು.

ಜನರೇಟರು ಕೈಕೊಡುವುದು ಎಂಜಿನ್ನಿನ ದೋಷದಿಂದ ಅಪರೂಪ, ಸ್ಟಾರ್ಟರಿನ ಬ್ಯಾಟರಿ ಸತ್ತಿರುವುದರಿಂದಲೇ ಹೆಚ್ಚು. ವಾರಕ್ಕೊಮ್ಮೆ, ಕರೆಂಟಿದ್ದಾಗಲೂ, ಸಂಜೆಯ ಹಾಲು ಬರುವ ಹೊತ್ತಿನಲ್ಲೇ ಅದನ್ನು ಕಂಪ್ರೆಸರುಗಳ ಭಾರದೊಡನೆ ಅರ್ಧ ಗಂಟೆ ಓಡಿಸಿರಿ. ಬರಿದೆ ಓಡಿಸಿ ನಿಲ್ಲಿಸಿದರೆ ಪರೀಕ್ಷೆ ಮಾಡಿದಂತಾಗದು.