ರಾತ್ರಿ ಒಂಬತ್ತೂವರೆಗೆ ಕರೆಂಟ್ ಕಟ್ ಎಂಬ ಮೆಸೇಜು

ಅಕ್ಕೂರಿನಲ್ಲಿ ಈಗಷ್ಟೇ ಸ್ಮಾರ್ಟ್‌ಫೋನ್ ಹಿಡಿದಿರುವ ಅಪ್ಪ ಅಮ್ಮಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹೆಸರಾಂತ ಸಂಸ್ಥೆಯ ವೇಷ ಹಾಕಿ ಅದರ ಗ್ರಾಹಕರನ್ನು ವಂಚಿಸುವ ಬಗೆಗಳು ನೂರಾರಿವೆ. ಅವುಗಳಲ್ಲಿ ಒಂದನ್ನು ಬಿಡಿಸಿ ನೋಡಿದರೆ ಉಳಿದವುಗಳ ಜಾಡೂ ಸಿಗುತ್ತದೆ. ನಮ್ಮೆಲ್ಲರ ಮನೆಗೂ ಬೆಸ್ಕಾಂ ಕರೆಂಟು ಬರುವುದರಿಂದ ಅದರ ಹೆಸರಿನ ವಂಚನೆಯನ್ನೇ ತೆಗೆದುಕೊಳ್ಳೋಣ.

2022ರ ಸುಮಾರಿಗೆ ಒಂದು ಮೆಸೇಜು ರಾಜ್ಯದ ತುಂಬ ಹರಡಿತು. ‘ಹೋದ ತಿಂಗಳ ಬಿಲ್ಲು ಅಪ್‌ಡೇಟ್ ಆಗಿಲ್ಲ, ಇಂದು ರಾತ್ರಿ 9.30ಕ್ಕೆ ನಿಮ್ಮ ಕರೆಂಟ್ ಕಟ್ ಆಗುತ್ತದೆ, ಕೂಡಲೇ ನಮ್ಮ ಅಧಿಕಾರಿಗೆ ಫೋನ್ ಮಾಡಿ’ ಎಂದು ಹೇಳಿ, ಕೊನೆಯಲ್ಲಿ ಒಂದು ಮೊಬೈಲ್ ನಂಬರ್ ಕೊಟ್ಟಿರುತ್ತಿತ್ತು. ಬೆಸ್ಕಾಂ ಇದನ್ನು ನಂಬಬೇಡಿ ಎಂದು ಎಚ್ಚರಿಸಿತು. ಆದರೂ ಇದು ನಿಂತಿಲ್ಲ. ಒಮ್ಮೆ ಎಸ್‌ಎಂಎಸ್ ಆಗಿ ಬರುತ್ತದೆ, ಇನ್ನೊಮ್ಮೆ ಬೆಸ್ಕಾಂ ಲಾಂಛನವನ್ನೇ ಫೋಟೊ ಮಾಡಿಕೊಂಡ ವಾಟ್ಸ್ಆ್ಯಪ್ ಖಾತೆಯಿಂದ ಬರುತ್ತದೆ.

ಆ ಫೋಟೊ ಯಾವುದಕ್ಕೂ ಪುರಾವೆಯಲ್ಲ. ವಾಟ್ಸ್ಆ್ಯಪ್‌ನಲ್ಲಿ ಯಾರು ಬೇಕಾದರೂ ಯಾವ ಚಿತ್ರ, ಯಾವ ಹೆಸರು ಬೇಕಾದರೂ ಹಾಕಿಕೊಳ್ಳಬಹುದು. ಟ್ರೂಕಾಲರ್‌ನಲ್ಲಿ ‘ಬೆಸ್ಕಾಂ ಆಫೀಸರ್’ ಎಂದು ತೋರಿಸಿದರೂ ಅಷ್ಟೇ, ಅದು ಜನ ಕೊಟ್ಟ ಹೆಸರು. ಆದ್ದರಿಂದ ಮೆಸೇಜಿನ ಅಂದಚಂದ ನೋಡಬೇಡಿ, ಅದು ಹೇಳುವುದನ್ನು ಬೆಸ್ಕಾಂ ನಿಜವಾಗಿ ಕೆಲಸ ಮಾಡುವ ರೀತಿಯ ಪಕ್ಕದಲ್ಲಿಟ್ಟು ನೋಡಿ. ಮೀಟರ್ ರೀಡರ್ ತಿಂಗಳಿಗೊಮ್ಮೆ ಮನೆಗೆ ಬಂದು ಬಿಲ್ಲು ಕೊಡುತ್ತಾರೆ. ಅದರಲ್ಲಿ ನಿಮ್ಮ ಹೆಸರು, ಆರ್.ಆರ್. ನಂಬರ್, ಕಟ್ಟಬೇಕಾದ ಕೊನೆಯ ದಿನ ಇರುತ್ತವೆ. ಈ ಮೆಸೇಜಿನಲ್ಲಿ ಇವು ಯಾವುವೂ ಇರುವುದಿಲ್ಲ, ಒಂದೇ ಸಾಲನ್ನು ಸಾವಿರಾರು ಜನರಿಗೆ ಕಳಿಸಿರುತ್ತಾರೆ. ಇನ್ನು, ಬಾಕಿಗಾಗಿ ಕರೆಂಟ್ ಕಡಿಯಬೇಕಾದರೆ ಲಿಖಿತ ನೋಟಿಸ್ ಕೊಟ್ಟು ಕನಿಷ್ಠ 15 ಪೂರ್ಣ ದಿನ ಕಾಯಬೇಕು. 2003ರ ವಿದ್ಯುತ್ ಕಾಯ್ದೆಯ 56ನೇ ಸೆಕ್ಷನ್ ಹೇಳುವುದು ಇದನ್ನೇ. ನಿಮ್ಮ ಬಿಲ್ಲು ನಿಜವಾಗಿಯೂ ಬಾಕಿ ಇದ್ದರೂ ‘ಇವತ್ತು ರಾತ್ರಿಯೇ’ ಎಂಬ ಮಾತಿಗೆ ಆಧಾರವಿಲ್ಲ. ಅನುಮಾನ ಉಳಿದರೆ 1912ಕ್ಕೆ ಫೋನ್ ಮಾಡಿ, ಅದು ಬೆಸ್ಕಾಂ ಸಹಾಯವಾಣಿ. ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಲು ಹೋಗಬೇಡಿ, ಅಲ್ಲಿಯೂ ವಂಚಕರು ತಮ್ಮ ನಂಬರುಗಳನ್ನು ಇಟ್ಟಿರುತ್ತಾರೆ.

ಹೆದರಿ ಆ ನಂಬರಿಗೇ ಫೋನ್ ಮಾಡಿದವರಿಗೆ ಏನಾಗುತ್ತದೆ? ಆ ಕಡೆಯ ದನಿ ಬಹಳ ಮರ್ಯಾದೆಯಿಂದ ಮಾತಾಡುತ್ತದೆ. ‘ಗಾಬರಿಯಾಗಬೇಡಿ ಸರ್, ಅಪ್‌ಡೇಟ್‌ಗೆ ಬರೀ ಹತ್ತು ರೂಪಾಯಿ ಕಟ್ಟಿ ಸಾಕು’ ಎನ್ನುತ್ತದೆ. ಅದಕ್ಕಾಗಿ ಒಂದು ಆ್ಯಪ್ ಹಾಕಿಸುತ್ತಾರೆ: ಎನಿಡೆಸ್ಕ್ ಅಥವಾ ಟೀಮ್‌ವ್ಯೂವರ್‌ನಂಥದ್ದು, ಇಲ್ಲವೇ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಎಪಿಕೆ ಫೈಲು. ಎನಿಡೆಸ್ಕ್ ಕಳ್ಳ ಆ್ಯಪ್ ಏನಲ್ಲ, ದೂರದಿಂದ ಕಂಪ್ಯೂಟರ್ ರಿಪೇರಿ ಮಾಡುವವರು ಬಳಸುವ ಸಾಧನ. ಆದರೆ ಅದು ತೆರೆದಿರುವಷ್ಟು ಹೊತ್ತು ನಿಮ್ಮ ಪರದೆ ಅವರಿಗೂ ಕಾಣುತ್ತದೆ. ಹತ್ತು ರೂಪಾಯಿ ಕಟ್ಟಲು ನೀವು ಕಾರ್ಡ್ ನಂಬರ್ ಒತ್ತುತ್ತೀರಿ, ಬ್ಯಾಂಕಿನ ಪಾಸ್‌ವರ್ಡ್ ಹಾಕುತ್ತೀರಿ, ಒಟಿಪಿ ಬರುತ್ತದೆ. ಎಲ್ಲವನ್ನೂ ಅವರು ಓದಿಕೊಳ್ಳುತ್ತಾರೆ. ಎಪಿಕೆ ಫೈಲಾದರೆ, ನಿಮಗೆ ಬಂದ ಎಸ್‌ಎಂಎಸ್‌ಗಳನ್ನು ಸದ್ದಿಲ್ಲದೆ ಅವರಿಗೇ ರವಾನಿಸಬಲ್ಲದು. ಅವರಿಗೆ ಬೇಕಾದದ್ದು ಹತ್ತು ರೂಪಾಯಿಯಲ್ಲ, ಅದನ್ನು ಕಟ್ಟುವಾಗ ನಿಮ್ಮ ಬೆರಳು ಒತ್ತುವ ಅಂಕಿಗಳು.

ರೇಷ್ಮೆಗೂಡು ಮಾರಿದ ಹಣ ಖಾತೆಗೆ ಬಂದಿದ್ದ ದಿನವೇ ಹೀಗಾಯಿತು ಎಂದುಕೊಳ್ಳಿ. ಹತ್ತು ರೂಪಾಯಿ ಹೋದ ಮರುಗಳಿಗೆಯಲ್ಲಿ ನಲವತ್ತು ಸಾವಿರ ಕಳೆದ ಮೆಸೇಜು ಬಂತು. ಮೊದಲು ಫೋನಿನ ಇಂಟರ್ನೆಟ್ ಬಂದ್ ಮಾಡಿ, ಅವರ ಕಣ್ಣಿಗೆ ನಿಮ್ಮ ಪರದೆ ಕಾಣುವುದು ಅಲ್ಲಿಗೆ ನಿಲ್ಲುತ್ತದೆ. ಆಮೇಲೆ ಮನೆಯ ಇನ್ನೊಂದು ಫೋನಿನಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಹೋದ ಹೊತ್ತು, ಮೊತ್ತ, ಬ್ಯಾಂಕಿನ ಮೆಸೇಜಿನಲ್ಲಿರುವ ವ್ಯವಹಾರದ ನಂಬರ್ ಕೇಳುತ್ತಾರೆ. ನಿಮ್ಮ ದೂರು ಹಣ ತಲುಪಿದ ಬ್ಯಾಂಕಿಗೆ ಹೋಗಿ, ಅಲ್ಲಿ ಇನ್ನೂ ಉಳಿದಿದ್ದರೆ ಅದನ್ನು ತಡೆಹಿಡಿಯುತ್ತಾರೆ. ವಂಚಕರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಎಟಿಎಂಗೆ ದಾಟಿಸುವುದು ನಿಮಿಷಗಳ ಕೆಲಸ. ನಗದಾಗಿ ಕೈಸೇರಿದ ಮೇಲೆ 1930 ಕೂಡ ಅದನ್ನು ತಡೆಯಲಾರದು.

ನಿಮ್ಮ ಬ್ಯಾಂಕಿಗೂ ಆಗಲೇ ಹೇಳಿ. ಒಟಿಪಿ, ಪಿನ್ ನಮ್ಮ ಕೈಯಿಂದಲೇ ಹೋಗಿದ್ದರೆ, ತಿಳಿಸುವ ತನಕದ ನಷ್ಟ ನಮ್ಮದು. ತಿಳಿಸಿದ ಮೇಲೂ ಹಣ ಹೋದರೆ ಹೊಣೆ ಬ್ಯಾಂಕಿನದು. ರಿಸರ್ವ್ ಬ್ಯಾಂಕಿನ ನಿಯಮ ಹೀಗೆ ಹೇಳುತ್ತದೆ. ನಾಚಿಕೆಯಿಂದ ಮಕ್ಕಳಿಗೂ ಹೇಳದೆ ಬೆಳಗಿನವರೆಗೆ ಕೂತವರು ಕಳೆದುಕೊಳ್ಳುವುದು ಈ ರಕ್ಷಣೆಯನ್ನೇ, ಅದನ್ನು ನೆನೆದರೆ ಸಂಕಟವಾಗುತ್ತದೆ. ನಂತರ cybercrime.gov.in ನಲ್ಲಿ ಅಥವಾ ಠಾಣೆಯಲ್ಲಿ ಲಿಖಿತ ದೂರು ಪೂರ್ತಿ ಮಾಡಿ. ಮೆಸೇಜನ್ನು ಸಿಟ್ಟಿನಿಂದ ಅಳಿಸಬೇಡಿ, ಅದೇ ಸಾಕ್ಷಿ.

ಹಣ ಹೋಗಿಲ್ಲ, ಬರೀ ಮೆಸೇಜು ಬಂದಿದೆ ಎಂದರೆ 1930 ಬೇಡ. sancharsaathi.gov.in ನಲ್ಲಿ ‘ಚಕ್ಷು’ ಎಂಬ ವಿಭಾಗವಿದೆ. ಮೆಸೇಜಿನ ಸ್ಕ್ರೀನ್‌ಶಾಟ್ ಮತ್ತು ಕಳಿಸಿದ ನಂಬರನ್ನು ಅಲ್ಲಿ ಕೊಡಿ. ವಾಟ್ಸ್ಆ್ಯಪ್ ಖಾತೆಯಾದರೆ ಅದರಲ್ಲೇ ಇರುವ ರಿಪೋರ್ಟ್ ಒತ್ತಿ, ಬ್ಲಾಕ್ ಮಾಡಿ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಜೊತೆಗೆ ಕೂರಿಸಿಕೊಂಡು ಮಾಡಿ, ಐದು ನಿಮಿಷ ಸಾಕು.